₹59ರ ಮೆಂಬರ್‌ಶಿಪ್‌ನಲ್ಲಿ ಕೈಗೆ ಬರುವುದೆಷ್ಟು, ಸದಸ್ಯರು ಹೋಗುವುದು ಯಾವಾಗ

ನೋಡುಗರು ತಿಂಗಳಿಗಿಷ್ಟು ಎಂದು ಹಣ ಕೊಟ್ಟು ಸದಸ್ಯರಾಗುವ Join ಗುಂಡಿ ಯೂಟ್ಯೂಬ್ ಚಾನೆಲ್‌ನಲ್ಲಿ ಬಂದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ: ದೊಡ್ಡ ಚಾನೆಲ್ ಒಂದರ ಸದಸ್ಯತ್ವದ ಹಂತಗಳನ್ನು ನೋಡಿ, ಅದೇ ಬೆಲೆ, ಅದೇ ಸವಲತ್ತುಗಳನ್ನು ತಮ್ಮಲ್ಲೂ ಇಡುವುದು. ಮೂರು ತಿಂಗಳು ಕಳೆಯುವ ಹೊತ್ತಿಗೆ ಕೆಲಸ ಎರಡು ಪಟ್ಟಾಗಿರುತ್ತದೆ, ಸದಸ್ಯರ ಸಂಖ್ಯೆ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಹೀಗೇಕಾಗುತ್ತದೆ ಎಂದು ನೋಡಲು ಒಂದು ಚಾನೆಲ್ಲನ್ನು ಕಲ್ಪಿಸಿಕೊಂಡು ಅದರ ಲೆಕ್ಕವನ್ನು ಮೊದಲಿಂದ ಕೊನೆವರೆಗೆ ಹಾಕೋಣ.

ಪುಣೆಯ ಪಿಂಪ್ರಿ-ಚಿಂಚ್ವಾಡದಲ್ಲಿರುವ ಕನ್ನಡ ದಂಪತಿ ನಡೆಸುವ ಚಾನೆಲ್ ಅದು ಎಂದಿಟ್ಟುಕೊಳ್ಳಿ. ವಿಷಯ, ಕನ್ನಡದ ಮೂಲಕ ಮರಾಠಿ. ನೋಡುಗರಲ್ಲಿ ಹೆಚ್ಚಿನವರು ಹಿಂಜೆವಾಡಿಯ ಐಟಿ ಕಂಪನಿಗಳಿಗೆ ಬಂದಿರುವ ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ ಕಡೆಯವರು. ಜೊತೆಗೆ ಮದುವೆಯಾಗಿ ಪುಣೆ, ಮುಂಬೈ ಸೇರಿದ ಹೆಣ್ಣುಮಕ್ಕಳು. ಸುಮಾರು ಹದಿನಾಲ್ಕು ಸಾವಿರ ಸಬ್‌ಸ್ಕ್ರೈಬರ್‌ಗಳು, ವಾರಕ್ಕೊಂದು ವಿಡಿಯೊ, ಭಾನುವಾರ ಸಂಜೆ ಒಂದು ಲೈವ್.

ಮೆಂಬರ್‌ಶಿಪ್ ತೆರೆಯಲು ಇಷ್ಟು ದೊಡ್ಡ ಚಾನೆಲ್ ಆಗಿರಬೇಕೆಂದೇನೂ ಇಲ್ಲ. ಯೂಟ್ಯೂಬಿನಲ್ಲಿ ಹಣ ಗಳಿಸಲು ಸೇರಬೇಕಾದ ಪಾರ್ಟ್‌ನರ್ ಪ್ರೋಗ್ರಾಮಿನ ಮೊದಲ ಮೆಟ್ಟಿಲಿಗೆ 500 ಸಬ್‌ಸ್ಕ್ರೈಬರ್‌ಗಳು, 90 ದಿನಗಳಲ್ಲಿ ಮೂರು ಸಾರ್ವಜನಿಕ ವಿಡಿಯೊ, ಒಂದು ವರ್ಷದಲ್ಲಿ 3,000 ಗಂಟೆಗಳ ವೀಕ್ಷಣೆ (ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ 30 ಲಕ್ಷ ವೀಕ್ಷಣೆ) ಇದ್ದರೆ ಸಾಕು. ಆದರೆ ‘ಮಕ್ಕಳಿಗಾಗಿ’ ಎಂದು ಗುರುತು ಮಾಡಿದ ಚಾನೆಲ್ಲಿಗೆ ಈ ಸೌಲಭ್ಯವಿಲ್ಲ. ಮಕ್ಕಳಿಗೆ ಮರಾಠಿ ಪದ್ಯ ಹೇಳಿಕೊಡುವ ಚಾನೆಲ್ ಆಗಿದ್ದರೆ ಮುಂದಿನದನ್ನು ಓದಿ ಉಪಯೋಗವಿರುತ್ತಿರಲಿಲ್ಲ.

ಕೈಗೆ ಬರುವ ಹಣ

ಬೆಲೆಯನ್ನು ನಮಗೆ ಬೇಕಾದಂತೆ ಬರೆಯಲು ಬರುವುದಿಲ್ಲ, ಯೂಟ್ಯೂಬ್ ಕೊಡುವ ಪಟ್ಟಿಯಿಂದ ಆರಿಸಬೇಕು. ನಮ್ಮ ಚಾನೆಲ್ ₹59, ₹159, ₹399 ಎಂದು ಮೂರು ಹಂತ ಇಟ್ಟಿದೆ ಎನ್ನೋಣ. ಸದಸ್ಯ ಕೊಟ್ಟ ಹಣದಿಂದ ಮೊದಲು ತೆರಿಗೆ ಹೋಗುತ್ತದೆ. ಉಳಿದುದರಲ್ಲಿ ಶೇ. 70 ಚಾನೆಲ್ಲಿನದು, ಶೇ. 30 ಯೂಟ್ಯೂಬಿನದು. ಶೇ. 18 ಜಿಎಸ್‌ಟಿ ಒಳಗೊಂಡ ₹59ರಿಂದ ತೆರಿಗೆ ಕಳೆದರೆ ₹50, ಅದರ ಶೇ. 70 ಎಂದರೆ ₹35. ಇದೇ ಲೆಕ್ಕದಲ್ಲಿ ₹159ಕ್ಕೆ ಸುಮಾರು ₹94, ₹399ಕ್ಕೆ ಸುಮಾರು ₹237 ಸಿಗುತ್ತದೆ. ಒಟ್ಟಿನಲ್ಲಿ ಬೋರ್ಡಿನ ಮೇಲಿನ ಬೆಲೆಯ ಶೇ. 60ಕ್ಕಿಂತ ಸ್ವಲ್ಪ ಕಡಿಮೆ ಎಂದು ಹಿಡಿದರೆ ಮೋಸವಿಲ್ಲ. ಐಫೋನ್ ಆ್ಯಪ್ ಒಳಗಿಂದಲೇ ಸೇರಿದವರ ಹಣದಲ್ಲಿ ಆ್ಯಪಲ್ಲಿನ ಶುಲ್ಕವೂ ಮೊದಲೇ ಕಡಿತವಾಗುತ್ತದೆ. ಹಾಗಾಗಿ ‘ಐಫೋನ್ ಇದ್ದವರು ಬ್ರೌಸರ್‌ನಲ್ಲಿ ಯೂಟ್ಯೂಬ್ ತೆರೆದು ಸೇರಿ’ ಎಂದು ಒಮ್ಮೆ ಹೇಳಿದರೆ ಎರಡೂ ಕಡೆಯವರಿಗೆ ಒಳ್ಳೆಯದು.

ಈಗ 150 ಸದಸ್ಯರಿದ್ದಾರೆ ಎನ್ನೋಣ: ₹59ರಲ್ಲಿ 100, ₹159ರಲ್ಲಿ 40, ₹399ರಲ್ಲಿ 10. ತಿಂಗಳಿಗೆ ಕೈಗೆ ಬರುವುದು ಸರಿಸುಮಾರು ₹3,500, ₹3,770, ₹2,370. ಒಟ್ಟು ₹9,640ರ ಆಸುಪಾಸು. ಮೇಲಿನ ಹಂತದಲ್ಲಿರುವ ಹತ್ತೇ ಜನ ಒಟ್ಟು ಹಣದ ಕಾಲುಭಾಗ ಕೊಡುತ್ತಿದ್ದಾರೆ. ಇಲ್ಲೇ ಹೆಚ್ಚಿನವರು ಎಡವುವುದು. ‘ಹಾಗಾದರೆ ಮೇಲಿನ ಹಂತಕ್ಕೇ ಒತ್ತು ಕೊಡೋಣ’ ಎಂದು ಅಲ್ಲಿ ಸವಲತ್ತುಗಳನ್ನು ಸುರಿಯುತ್ತಾರೆ. ಬಂದ ಹಣದ ಪಕ್ಕದಲ್ಲಿ ಹೋದ ಗಂಟೆಗಳನ್ನು ಬರೆದಿಟ್ಟುಕೊಂಡಿರುವುದಿಲ್ಲ.

ತಲೆ ಹೆಚ್ಚಿದಂತೆ ಕೆಲಸ ಹೆಚ್ಚಬಾರದು

₹399ರವರಿಗೆ ಏನು ಕೊಡಬೇಕು? ಮೊದಲು ಹೊಳೆಯುವ ಉಪಾಯ: ‘ನೀವು ಮರಾಠಿಯಲ್ಲಿ ಮಾತಾಡಿ ವಾಯ್ಸ್ ಕಳಿಸಿ, ತಿದ್ದಿ ಕಳಿಸುತ್ತೇವೆ.’ ಹೇಳಲು ಸುಲಭ. ಐದು ನಿಮಿಷದ ಧ್ವನಿಯನ್ನು ಎರಡು ಸಲ ಕೇಳಿ, ತಪ್ಪು ಗುರುತಿಸಿ, ಉತ್ತರ ರೆಕಾರ್ಡ್ ಮಾಡಲು ಇಪ್ಪತ್ತು ನಿಮಿಷ ಬೇಕು. ಹತ್ತು ಜನರಿಗೆ ಮೂರು ಗಂಟೆ ಇಪ್ಪತ್ತು ನಿಮಿಷ. ಕಳಿಸದವರಿಗೆ ನೆನಪಿಸುವುದು, ತಡವಾಗಿ ಕಳಿಸಿದವರನ್ನು ಸಮಾಧಾನಪಡಿಸುವುದು ಸೇರಿದರೆ ನಾಲ್ಕೂವರೆ ಗಂಟೆ. ಹತ್ತು ಜನರವರೆಗೆ ಇದು ನಡೆದೀತು. ಮೂವತ್ತು ಜನರಾದರೆ ತಿಂಗಳಿಗೆ ಹದಿಮೂರೂವರೆ ಗಂಟೆ. ಅದೂ ಹಗಲು ಕೆಲಸಕ್ಕೆ ಹೋಗಿಬರುವವರ ರಾತ್ರಿಗಳಿಂದ ತೆಗೆಯಬೇಕಾದ ಗಂಟೆಗಳು. ಮೊದಲು ತಡವಾಗುತ್ತದೆ, ಆಮೇಲೆ ಇಬ್ಬರದು ಬಿಟ್ಟುಹೋಗುತ್ತದೆ. ಕೊಟ್ಟ ಮಾತು ಹೀಗೆ ತಪ್ಪಿದಾಗ ಸಿಟ್ಟಾಗುವವರು ಅತಿ ಹೆಚ್ಚು ಹಣ ಕೊಟ್ಟವರೇ.

ಅದೇ ಹಂತಕ್ಕೆ ತಿಂಗಳಿಗೊಂದು ಗುಂಪು ಮಾತುಕತೆ ಇಟ್ಟರೆ ಲೆಕ್ಕ ಬೇರೆಯಾಗುತ್ತದೆ. ಹತ್ತು ಜನ, ಒಬ್ಬೊಬ್ಬರಿಗೆ ಐದು ನಿಮಿಷ ಮಾತಿನ ಸರದಿ, ಉಳಿದವರು ಕೇಳುತ್ತಾರೆ. ಒಬ್ಬರ ತಪ್ಪನ್ನು ತಿದ್ದುವಾಗ ಒಂಬತ್ತು ಜನ ಕಲಿಯುತ್ತಾರೆ. ಉಚಿತ ಖಾತೆಯ ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನರ ಕರೆ 60 ನಿಮಿಷಕ್ಕೆ ನಿಲ್ಲುತ್ತದೆ. ಆದ್ದರಿಂದ ‘ಒಂದೂವರೆ ಗಂಟೆ’ ಎಂದು ಬರೆಯದೆ 55 ನಿಮಿಷ ಎಂದೇ ಬರೆಯಿರಿ. ಇಪ್ಪತ್ತು ಜನರಾದ ದಿನ ಎರಡು ಗುಂಪು ಮಾಡಬಹುದು. ಆಗಲೂ ಎರಡು ಗಂಟೆಯೊಳಗೆ ಮುಗಿಯುತ್ತದೆ.

₹159ರ ಹಂತಕ್ಕೆ ವಾರಕ್ಕೊಂದು ಹತ್ತು ನಿಮಿಷದ ಅಭ್ಯಾಸದ ವಿಡಿಯೊ, ಜೊತೆಗೆ ಒಂದು ಪುಟದ ಪಿಡಿಎಫ್. ಇದನ್ನು ಸಿದ್ಧಪಡಿಸುವುದು ನಲವತ್ತು ಜನರಿಗೂ ಒಂದೇ ಕೆಲಸ, ನಾನೂರು ಜನರಿಗೂ ಅದೇ ಕೆಲಸ. ಸಾರ್ವಜನಿಕ ವಿಡಿಯೊಗೆ ಬರೆದ ಟಿಪ್ಪಣಿಯಲ್ಲಿ ಉಳಿದುಹೋದ ವಾಕ್ಯಗಳೇ ಇದಕ್ಕೆ ಸಾಮಗ್ರಿ: ಸೊಸೈಟಿ ಮೀಟಿಂಗ್‌ನಲ್ಲಿ ಮೇಂಟೆನೆನ್ಸ್ ಬಗ್ಗೆ ಕೇಳುವುದು, ರಿಕ್ಷಾದವರ ಜೊತೆ ಮೀಟರ್ ವಿಷಯ ಮಾತಾಡುವುದು, ಶಾಲೆಯ ಪೋಷಕರ ಸಭೆ. ಪಿಡಿಎಫ್ ಲಿಂಕನ್ನು ಸದಸ್ಯರು ಗೆಳೆಯರಿಗೆ ಕಳಿಸಿಯೇ ಕಳಿಸುತ್ತಾರೆ. ಅದನ್ನು ತಡೆಯಲು ಹೋಗುವುದು ಸಮಯದಂಡ. ಪುಟದ ಕೆಳಗೆ ಚಾನೆಲ್ ಹೆಸರು ಹಾಕಿ ಸುಮ್ಮನಿರಿ.

₹59ರ ಹಂತದಲ್ಲಿ ಹೆಸರಿನ ಪಕ್ಕದ ಬ್ಯಾಡ್ಜ್, ಲೈವ್ ಚಾಟಿನ ಎಮೊಜಿ, ಸದಸ್ಯರಿಗಷ್ಟೇ ಕಾಣುವ ಪೋಸ್ಟ್. ಇದರ ಜೊತೆಗೆ ಒಂದು ನಿಜವಾದ ಉಪಯೋಗ ಇರಲೇಬೇಕು. ಭಾನುವಾರದ ಲೈವ್‌ನಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಗುರುವಾರವೇ ಸದಸ್ಯರ ಪೋಸ್ಟ್‌ನಲ್ಲಿ ಬರೆದಿಡುವ ಅವಕಾಶ ಅಂಥದೊಂದು. ಹೇಗೂ ಲೈವ್‌ಗೆ ಪ್ರಶ್ನೆ ಬೇಕೇ ಬೇಕು, ಚಾನೆಲ್ಲಿಗೂ ಕೆಲಸ ಹಗುರ. ಕೆಳಗಿನ ಹಂತ ಬರೀ ‘ಬೆಂಬಲಿಸಿ’ ಎಂಬ ವಿನಂತಿಯಾಗಿದ್ದರೆ ಇನ್ನೊಂದು ತೊಂದರೆಯೂ ಇದೆ: ₹159 ಹೆಚ್ಚೆನಿಸಿದವರು ಕೆಳಗೆ ಇಳಿಯುವ ಬದಲು ಪೂರ್ತಿ ಹೊರಟುಹೋಗುತ್ತಾರೆ. ಕೆಳಗಿನ ಹಂತ ಗಟ್ಟಿಯಾಗಿದ್ದರೆ ಅವರು ಅಲ್ಲಿ ನಿಲ್ಲುತ್ತಾರೆ. ಮೇಲಿನ ಹಂತದವರಿಗೆ ಕೆಳಗಿನ ಎಲ್ಲ ಸವಲತ್ತುಗಳೂ ತಾವಾಗಿಯೇ ಸಿಗುವುದರಿಂದ ಒಂದೇ ವಸ್ತುವನ್ನು ಎರಡು ಕಡೆ ಬರೆಯುವ ಅಗತ್ಯವಿಲ್ಲ.

ಮೊದಲ ದಿನವೇ ಮೂರೂ ಹಂತ ತೆರೆಯುವುದು ಬೇಡ ಎನ್ನುವುದು ನಮ್ಮ ಅಭಿಪ್ರಾಯ. ₹59, ₹159 ಎರಡರಿಂದ ಶುರು ಮಾಡಿ, ಸದಸ್ಯರೇ ‘ನಮ್ಮ ಮಾತು ತಿದ್ದಿ’ ಎಂದು ಕೇಳಲು ಹತ್ತಿದಾಗ ಮೂರನೆಯದನ್ನು ಸೇರಿಸಿ. ಹಂತ ಸೇರಿಸಿದರೆ ಯಾರೂ ಬೇಸರಪಡುವುದಿಲ್ಲ. ಜನ ಇರುವ ಹಂತವನ್ನು ತೆಗೆಯುವುದು ಮಾತ್ರ ಅವರನ್ನು ಹೊರಗೆ ಕಳಿಸಿದಂತೆಯೇ.

ಯೂಟ್ಯೂಬಿನ ನಿಯಮದಲ್ಲಿ ಒಪ್ಪದ ಎರಡು ಸವಲತ್ತುಗಳು ನಮ್ಮ ಕಡೆಯವರಿಗೆ ಬೇಗ ಹೊಳೆಯುವಂಥವು. ಒಂದು, ಅದೃಷ್ಟದ ಮೇಲೆ ನಿಂತದ್ದು. ಗಣೇಶೋತ್ಸವಕ್ಕೆ ಸದಸ್ಯರಿಗೆ ಲಕ್ಕಿ ಡ್ರಾ ಇಡುವಂತಿಲ್ಲ. ಒಂದು ಹಂತದಲ್ಲಿ ಹೇಳಿದ್ದು ಆ ಹಂತದ ಎಲ್ಲರಿಗೂ ಸಿಗಬೇಕು. ಇನ್ನೊಂದು, ಒಬ್ಬೊಬ್ಬರನ್ನೇ ಮುಖಾಮುಖಿ ಭೇಟಿಯಾಗುವುದನ್ನು ಸವಲತ್ತಾಗಿ ಮಾರುವುದು. ‘ಎಫ್‌ಸಿ ರೋಡಿನಲ್ಲಿ ನಮ್ಮ ಜೊತೆ ಒಂದು ಕಾಫಿ’ ಎಂದು ಬರೆದರೆ ಹಂತವೇ ತಿರಸ್ಕೃತವಾಗಬಹುದು.

ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆಯೂ ಒಂದು ಮಾತು. ಎಲ್ಲರೂ ಕೊಡುವ ಸವಲತ್ತು ಇದು, ಹೆಚ್ಚು ಕಿರಿಕಿರಿ ಕೊಡುವುದೂ ಇದೇ. ಗುಂಪಿಗೆ ಸೇರಿದವರ ನಂಬರ್ ಉಳಿದವರಿಗೆಲ್ಲ ಕಾಣುತ್ತದೆ, ಹೆಣ್ಣುಮಕ್ಕಳು ಇದೇ ಕಾರಣಕ್ಕೆ ಸೇರುವುದಿಲ್ಲ. ಮೆಂಬರ್‌ಶಿಪ್ ಬಿಟ್ಟವರು ಗುಂಪಿನಿಂದ ತಾವಾಗಿ ಹೊರಬೀಳುವುದಿಲ್ಲ; ಪ್ರತಿ ತಿಂಗಳು ಪಟ್ಟಿ ನೋಡಿ ನೀವೇ ತೆಗೆಯಬೇಕು. ಯೂಟ್ಯೂಬ್ ಹೆಸರು ಒಂದು, ವಾಟ್ಸ್‌ಆ್ಯಪ್ ಹೆಸರು ಇನ್ನೊಂದು ಆಗಿರುವುದರಿಂದ ಅದು ಸುಲಭವೂ ಅಲ್ಲ. ತೆಗೆಯದೆ ಬಿಟ್ಟರೆ ‘ಹಣ ಕೊಡದೆಯೂ ಇಲ್ಲಿರಬಹುದು’ ಎಂಬುದು ಎರಡೇ ತಿಂಗಳಲ್ಲಿ ಎಲ್ಲರಿಗೂ ತಿಳಿಯುತ್ತದೆ. ಡಿಸ್ಕಾರ್ಡ್‌ನಲ್ಲಿ ಯೂಟ್ಯೂಬ್ ಖಾತೆ ಜೋಡಿಸಿದರೆ ಸದಸ್ಯತ್ವಕ್ಕೆ ತಕ್ಕಂತೆ ಪ್ರವೇಶ ತಾನಾಗಿ ಬಂದುಹೋಗುತ್ತದೆ. ಐಟಿಯವರು ಒಪ್ಪಿಯಾರು, ಉಳಿದವರಿಗೆ ಅದು ಕಗ್ಗಂಟು. ಸದಸ್ಯರ ಪೋಸ್ಟ್‌ಗಳೇ ಸಾಕಾಗುವಂತಿದ್ದರೆ ಗುಂಪು ಮಾಡಲೇಬೇಡಿ.

ಸಂಖ್ಯೆ ಏಕೆ ನಿಂತುಬಿಡುತ್ತದೆ

ತಿಂಗಳಿಗೆ 15 ಜನ ಹೊಸದಾಗಿ ಸೇರುತ್ತಾರೆ, ಇರುವವರಲ್ಲಿ ಶೇ. 10ರಷ್ಟು ಬಿಡುತ್ತಾರೆ ಎನ್ನೋಣ. 50 ಜನ ಇದ್ದಾಗ ಹೋಗುವವರು 5, ಬರುವವರು 15. ಚಾನೆಲ್ ಬೆಳೆಯುತ್ತಿದೆ ಎನಿಸುತ್ತದೆ. 100 ಆದಾಗ ಹೋಗುವವರು 10. 150 ಆದಾಗ ಹೋಗುವವರೂ 15, ಬರುವವರೂ 15. ಅಲ್ಲಿಗೆ ನಿಂತಿತು. ಹೊಸಬರ ಸಂಖ್ಯೆಯನ್ನು ಬಿಡುವ ಪ್ರಮಾಣದಿಂದ ಭಾಗಿಸಿದರೆ ಸಿಗುವುದೇ ನಿಮ್ಮ ಮೇಲ್ಮಿತಿ: 15 ÷ 0.10 = 150. ವಿಡಿಯೊಗಳು ಹಾಳಾಗಿಲ್ಲ, ಜನರ ಪ್ರೀತಿ ಕಡಿಮೆಯಾಗಿಲ್ಲ, ಲೆಕ್ಕ ತನ್ನ ಗಡಿ ಮುಟ್ಟಿದೆ ಅಷ್ಟೆ.

ಬಿಡುವವರು ಶೇ. 10ರಿಂದ ಶೇ. 6ಕ್ಕೆ ಇಳಿದರೆ ಅದೇ 15 ಹೊಸಬರಿಂದ ಮಿತಿ 250ಕ್ಕೆ ಏರುತ್ತದೆ. ಹೊಸಬರನ್ನು ಹೆಚ್ಚಿಸಿ ಅದೇ 250 ಮುಟ್ಟಬೇಕೆಂದರೆ ತಿಂಗಳಿಗೆ 25 ಜನ ಸೇರಬೇಕು. ಹದಿನಾಲ್ಕು ಸಾವಿರದ ಚಾನೆಲ್ಲಿಗೆ ಎರಡನೆಯ ದಾರಿ ಬಹಳ ಕಷ್ಟ. ಪ್ರತಿ ವಿಡಿಯೊದ ಮೊದಲ ನಿಮಿಷದಲ್ಲಿ ‘ಜಾಯಿನ್ ಆಗಿ’ ಎಂದು ಬೇಡಿ ನೋಡುಗರನ್ನೇ ದಣಿಸಿದಂತಾಗುತ್ತದೆ.

ಆದರೆ ‘ಶೇ. 10’ ಎಂಬ ಒಂದೇ ಅಂಕಿ ಎರಡು ಬೇರೆ ಬೇರೆ ಸಂಗತಿಗಳನ್ನು ಮುಚ್ಚಿಟ್ಟಿರಬಹುದು. ಹೊಸ ವರ್ಷದ ಉತ್ಸಾಹದಲ್ಲಿ ಜನವರಿಯಲ್ಲಿ 40 ಜನ ಸೇರಿದರು, ಫೆಬ್ರವರಿ ಶುರುವಿಗೆ ಹಳಬರು 110, ಹೊಸಬರು 40, ಒಟ್ಟು 150 ಎನ್ನಿ. ಆ ತಿಂಗಳಲ್ಲಿ 17 ಜನ ಬಿಟ್ಟರು, ಶೇ. 11. ಬಿಚ್ಚಿ ನೋಡಿದರೆ ಜನವರಿಯ 40ರಲ್ಲಿ 14 ಜನ ಹೋಗಿದ್ದಾರೆ, ಹಳೆಯ 110ರಲ್ಲಿ ಮೂರೇ ಜನ. ಹಳಬರಲ್ಲಿ ಬಿಟ್ಟವರು ಶೇ. 3ಕ್ಕೂ ಕಡಿಮೆ, ಹೊಸಬರಲ್ಲಿ ಶೇ. 35. ಹೀಗಿರುವಾಗ ಹಳಬರನ್ನು ಉಳಿಸಿಕೊಳ್ಳಲೆಂದು ಹೊಸ ಸವಲತ್ತು ಸೇರಿಸುವುದು ರೋಗವಿಲ್ಲದ ಕಡೆ ಮದ್ದು ಹಚ್ಚಿದ ಹಾಗೆ.

ಇದನ್ನು ಕಂಡುಹಿಡಿಯಲು ಬೇಕಾದುದು ಶಿಸ್ತು ಮಾತ್ರ. ಯೂಟ್ಯೂಬ್ ಸ್ಟುಡಿಯೊದಲ್ಲಿ Earn ಒಳಗೆ Memberships ತೆರೆದರೆ ಸದಸ್ಯರ ಪಟ್ಟಿ ಇದೆ, ಅದನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಬಹುದು. ಹೆಸರು, ಪ್ರೊಫೈಲ್ ಲಿಂಕ್, ಈಗಿನ ಹಂತ, ಎಷ್ಟು ತಿಂಗಳಿಂದ ಸದಸ್ಯರು ಎಂಬೆಲ್ಲ ಅಂಕಣ ಅದರಲ್ಲಿರುತ್ತವೆ. ಪ್ರತಿ ತಿಂಗಳು ಒಂದೇ ತಾರೀಖಿಗೆ, ಉದಾಹರಣೆಗೆ 1ಕ್ಕೆ, ಇಳಿಸಿ ಒಂದೇ ಸ್ಪ್ರೆಡ್‌ಶೀಟ್‌ನಲ್ಲಿ Jan, Feb ಎಂದು ಬೇರೆ ಬೇರೆ ಹಾಳೆಗಳಲ್ಲಿ ಇಡಿ. ಲಿಂಕ್ B ಅಂಕಣದಲ್ಲಿದ್ದರೆ, Jan ಹಾಳೆಯ ಖಾಲಿ ಅಂಕಣವೊಂದರ ಎರಡನೆಯ ಸಾಲಿನಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ:

```
=IF(COUNTIF(Feb!B:B,B2)=0,"ಹೋದರು","ಇದ್ದಾರೆ")
```

ಹೆಸರನ್ನು ಹೋಲಿಸಲು ಹೋಗಬೇಡಿ. ಜನ ಹೆಸರು ಬದಲಿಸುತ್ತಾರೆ, ಒಂದೇ ಹೆಸರಿನ ಇಬ್ಬರೂ ಇರುತ್ತಾರೆ. ಲಿಂಕ್ ಒಬ್ಬರಿಗೆ ಒಂದೇ. ಆಮೇಲೆ ‘ಹೋದರು’ ಎಂದು ಬಂದವರ ಪಕ್ಕದಲ್ಲಿ ಅವರು ಎಷ್ಟು ತಿಂಗಳು ಇದ್ದರು ಎಂಬುದನ್ನು ನೋಡಿ. ಮೂರು ತಿಂಗಳ ಹಾಳೆಗಳಾದರೆ ಚಿತ್ರ ಮೂಡುತ್ತದೆ. ಈ ಕಡತ ಇತರರ ವಿವರ ಎಂಬುದು ನೆನಪಿರಲಿ, ಲೈವ್‌ನಲ್ಲಿ ಸ್ಕ್ರೀನ್ ಹಂಚುವಾಗ ತೆರೆದಿಡಬೇಡಿ.

ಮೊದಲ ತಿಂಗಳಲ್ಲೇ ಹೋಗುವವರು

ನಮ್ಮ ಚಾನೆಲ್ಲಿನಲ್ಲಿ ಹೊಸಬರ ಮೂರನೇ ಒಂದು ಪಾಲು ಮೊದಲ ತಿಂಗಳಿಗೇ ಹೋಗಲು ಮುಖ್ಯ ಕಾರಣ ಸವಲತ್ತಿನ ರಚನೆಯಲ್ಲೇ ಇದೆ. ₹159 ಕೊಟ್ಟ ದಿನವೇ ಹಿಂದಿನ ಅರವತ್ತು ಅಭ್ಯಾಸದ ವಿಡಿಯೊಗಳೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಚುರುಕಾದವರು ಒಂದು ತಿಂಗಳು ಕೂತು ಬೇಕಾದುದನ್ನೆಲ್ಲ ನೋಡಿ, ಪಿಡಿಎಫ್ ಇಳಿಸಿಕೊಂಡು ಹೊರಡುತ್ತಾರೆ. ಅವರದೇನೂ ತಪ್ಪಿಲ್ಲ, ಅಂಗಡಿಯವರೇ ಒಂದು ತಿಂಗಳ ಬೆಲೆಗೆ ವರ್ಷದ ಮಾಲು ಕೊಟ್ಟಿದ್ದಾರೆ. ಇನ್ನು ಕೆಲವರು ಅರವತ್ತರ ರಾಶಿ ನೋಡಿ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, ಏನನ್ನೂ ನೋಡದೆ ಬಿಡುತ್ತಾರೆ.

ಇವೆರಡಕ್ಕೂ ಒಂದೇ ಪರಿಹಾರ ಕೆಲಸ ಮಾಡುತ್ತದೆ. ಬಿಡಿ ವಿಡಿಯೊಗಳ ಬದಲು ಎಂಟು ವಾರಗಳ ಸರಣಿ ಮಾಡಿ, ಅದು ಒಂದು ಬಿಲ್ಲಿನ ಗಡಿಯನ್ನು ದಾಟಿ ಹೋಗಲಿ. ‘ಬಾಡಿಗೆ ಮನೆ ಹುಡುಕುವುದರಿಂದ ಪೊಲೀಸ್ ವೆರಿಫಿಕೇಶನ್‌ವರೆಗೆ’ ಎಂಬ ಸರಣಿಯ ಮೂರನೆಯ ವಾರದಲ್ಲಿರುವವರು ಬಿಡುವ ಯೋಚನೆ ಮಾಡುವುದು ಕಡಿಮೆ. ಹಳೆಯ ವಿಡಿಯೊಗಳನ್ನು ಮುಚ್ಚಬೇಕಿಲ್ಲ. ಹೊಸ ಸದಸ್ಯರಿಗಾಗಿ ಒಂದು ಪೋಸ್ಟ್ ಬರೆದು, ಮೊದಲ ವಾರ ಈ ಎರಡು, ಎರಡನೆಯ ವಾರ ಈ ಎರಡು ಎಂದು ದಾರಿ ತೋರಿಸಿ, ಅದರ ಲಿಂಕನ್ನು ಪ್ರತಿ ಸದಸ್ಯರ ವಿಡಿಯೊದ ವಿವರಣೆಯಲ್ಲಿ ಮೊದಲ ಸಾಲಿಗೇ ಇಡಿ. ಫಲ ಸಿಕ್ಕಿತೇ ಎಂದು ತಿಳಿಯಲು ಮುಂದಿನ ತಿಂಗಳ ಹೊಸಬರನ್ನು ಮಾತ್ರ ನೋಡಬೇಕು: 40ಕ್ಕೆ 14 ಹೋಗುತ್ತಿದ್ದಲ್ಲಿ 8ಕ್ಕೆ ಇಳಿದರೂ ಒಟ್ಟು ಬಿಡುವ ಪ್ರಮಾಣ ಶೇ. 11ರಿಂದ ಸುಮಾರು ಶೇ. 7ಕ್ಕೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಇಷ್ಟು ದಿನ ಎಲ್ಲರಿಗೂ ಉಚಿತವಾಗಿದ್ದ ವಿಡಿಯೊಗಳನ್ನು ಸದಸ್ಯರಿಗೆ ಮಾತ್ರ ಎಂದು ಬದಲಾಯಿಸಿ ರಾಶಿ ತುಂಬಿಸಬೇಡಿ. ಆ ವಿಡಿಯೊಗಳೇ ಹುಡುಕಾಟದಲ್ಲಿ ಹೊಸ ನೋಡುಗರನ್ನು ತರುವಂಥವು. ಅವುಗಳ ಬಾಗಿಲು ಹಾಕಿದರೆ ತಿಂಗಳ 15 ಹೊಸ ಸದಸ್ಯರು 8ಕ್ಕೆ ಇಳಿಯಬಹುದು.

ಹಣ ಕಡಿತದ ಹಿಂದಿನ ದಿನ

ಭಾರತದಲ್ಲಿ ಮೆಂಬರ್‌ಶಿಪ್ ಬಿಡುವುದಕ್ಕೆ ಒಂದು ವಿಶೇಷ ಗಳಿಗೆ ಇದೆ. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ತಿಯಾಗಿ ಜಾರಿಗೆ ಬಂದಿತು. ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ಮೊದಲು ಗ್ರಾಹಕ ಓಟಿಪಿಯಂಥ ದೃಢೀಕರಣ ಕೊಡಬೇಕು, ಮುಂದಿನ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ಸೂಚನೆ ಕಳಿಸಬೇಕು. ಪ್ರತಿ ಸಲ ಓಟಿಪಿ ಬೇಡದ ಮಿತಿ ಆಗ ₹5,000 ಇತ್ತು, 2022ರ ಜೂನ್‌ನಲ್ಲಿ ₹15,000 ಆಯಿತು. ಹಾಗಾಗಿ ನಮ್ಮ ₹59, ₹159ಕ್ಕೆ ಓಟಿಪಿಯ ಕಾಟವಿಲ್ಲ. ಸೂಚನೆ ಮಾತ್ರ ಬಂದೇ ಬರುತ್ತದೆ.

ಅಂದರೆ ಪ್ರತಿ ಸದಸ್ಯರ ಫೋನಿಗೆ ತಿಂಗಳಿಗೊಮ್ಮೆ ‘ನಾಳೆ ಇಷ್ಟು ಹಣ ಹೋಗುತ್ತದೆ’ ಎಂಬ ಸಂದೇಶ ಬೀಳುತ್ತದೆ. ಆ ಕ್ಷಣ ಅವರು ಕೇಳಿಕೊಳ್ಳುವುದು ಈ ವರ್ಷ ಏನು ಸಿಕ್ಕಿತು ಎಂದಲ್ಲ, ಇತ್ತೀಚೆಗೆ ಏನು ಸಿಕ್ಕಿತು ಎಂದು. ಸೇರಿದ ತಾರೀಖು ಒಬ್ಬೊಬ್ಬರದು ಒಂದೊಂದು ಆದ್ದರಿಂದ ಕಡಿತದ ದಿನವೂ ಬೇರೆ ಬೇರೆ. ನೀವು ತಿಂಗಳ 5ಕ್ಕೆ ಒಂದು ದೊಡ್ಡ ವಿಡಿಯೊ ಕೊಟ್ಟರೆ, 8ಕ್ಕೆ ಸೂಚನೆ ಬರುವವರಿಗೆ ಅದು ಹಸಿಯಾಗಿ ನೆನಪಿರುತ್ತದೆ. 3ಕ್ಕೆ ಬರುವವರಿಗೆ ನಾಲ್ಕು ವಾರಗಳ ಮೌನವೇ ನೆನಪಿರುತ್ತದೆ. ಅದೇ ಶ್ರಮವನ್ನು ನಾಲ್ಕು ತುಂಡು ಮಾಡಿ ವಾರಕ್ಕೊಂದರಂತೆ ಕೊಟ್ಟರೆ, ಯಾರಿಗೆ ಯಾವ ದಿನ ಸೂಚನೆ ಬಂದರೂ ಹಿಂದಿನ ಏಳು ದಿನಗಳಲ್ಲಿ ಏನೋ ಒಂದು ಸಿಕ್ಕಿರುತ್ತದೆ. ₹159ರ ಹಂತದ ವಿಡಿಯೊ ತಿಂಗಳಿಗೊಂದರ ಬದಲು ವಾರಕ್ಕೊಂದು, ಅದೂ ಹತ್ತೇ ನಿಮಿಷದ್ದು ಎಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಇನ್ನು ಬಿಡುವ ಮನಸ್ಸಿಲ್ಲದೆಯೂ ಹೊರಬೀಳುವವರು. ಕಾರ್ಡಿನ ಅವಧಿ ಮುಗಿದಿರುತ್ತದೆ, ಖಾತೆಯಲ್ಲಿ ಹಣವಿರುವುದಿಲ್ಲ. ಪುಣೆಯಂಥ ಊರಲ್ಲಿ ಮತ್ತೊಂದು ಕಾರಣವನ್ನೂ ಗಮನಿಸಬೇಕು: ಕಂಪನಿ ಬದಲಿಸಿದವರ ಸಂಬಳದ ಖಾತೆಯೂ ಬದಲಾಗುತ್ತದೆ, ಆಟೊಪೇ ಮಾತ್ರ ಹಳೆಯ ಖಾತೆಯಲ್ಲೇ ಉಳಿದು, ಆ ಖಾತೆ ಖಾಲಿಯಾದ ತಿಂಗಳು ಕಡಿತ ವಿಫಲವಾಗುತ್ತದೆ. ಇಂಥವರನ್ನು ಗುರುತಿಸುವುದು ಹೀಗೆ. ಪಟ್ಟಿಯಲ್ಲಿ ಅವರು ಏಳೆಂಟು ತಿಂಗಳು ಹಳಬರು, ಹಿಂದಿನ ಭಾನುವಾರದವರೆಗೂ ಲೈವ್ ಚಾಟಿನಲ್ಲಿದ್ದವರು, ಈಗಲೂ ಬರುತ್ತಿದ್ದಾರೆ, ಬ್ಯಾಡ್ಜ್ ಮಾತ್ರ ಇಲ್ಲ. ಬೇಸತ್ತು ಬಿಡುವವರು ಸಾಮಾನ್ಯವಾಗಿ ಅದಕ್ಕೂ ಮೊದಲೇ ಚಾಟಿನಿಂದ ಮಾಯವಾಗಿರುತ್ತಾರೆ. ಇಂಥವರ ಹೆಸರು ಹಿಡಿದು ಎಲ್ಲರೆದುರು ಕೇಳುವುದು ಸಲ್ಲದು, ಹಣದ ವಿಷಯ ಮುಜುಗರ ತರುತ್ತದೆ. ತಿಂಗಳಿಗೊಮ್ಮೆ ಸಾರ್ವಜನಿಕ ಪೋಸ್ಟ್‌ನಲ್ಲಿ ‘ಬ್ಯಾಂಕ್ ಅಥವಾ ಕಾರ್ಡ್ ಬದಲಿಸಿದವರು youtube.com/paid_memberships ತೆರೆದು ನಿಮ್ಮ ಸದಸ್ಯತ್ವ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ’ ಎಂದು ಬರೆದರೆ ಸಾಕು. ಸದಸ್ಯರ ಪೋಸ್ಟ್‌ನಲ್ಲಿ ಬರೆದರೆ ಉಪಯೋಗವಿಲ್ಲ. ಹೊರಬಿದ್ದವರಿಗೆ ಅದು ಕಾಣುವುದೇ ಇಲ್ಲ.

ಎರಡರಿಂದ ಆರರ ನಡುವೆ

ಬ್ಯಾಡ್ಜ್ ಬದಲಾಗುವುದು 1, 2, 6, 12, 24 ತಿಂಗಳು ಎಂಬ ಮೆಟ್ಟಿಲುಗಳಲ್ಲಿ. ಎರಡನೆಯ ತಿಂಗಳಾದ ಮೇಲೆ ಆರರವರೆಗೆ ಏನೂ ಬದಲಾಗದ ನಾಲ್ಕು ತಿಂಗಳ ಬಯಲಿದೆ. ಆ ನಡುವೆ ನೀವೇ ಏನಾದರೂ ಇಡಬೇಕು. ಮೂರು ತಿಂಗಳು ಮುಗಿಸಿದವರ ಹೆಸರನ್ನು ತಿಂಗಳ ಕೊನೆಯ ಲೈವ್‌ನಲ್ಲಿ ಓದುವುದು, ಮುಂದಿನ ಸರಣಿಯ ವಿಷಯಕ್ಕೆ ಮತ ಹಾಕಿಸುವುದು, ಇಂಥವು ದುಡ್ಡಿಲ್ಲದೆ ಆಗುವ ಕೆಲಸ. ಸಿಎಸ್‌ವಿಯಲ್ಲಿ ತಿಂಗಳುಗಳ ಅಂಕಣ ಇರುವುದರಿಂದ 3ರಿಂದ ಮೇಲೆ, 4ಕ್ಕಿಂತ ಕೆಳಗೆ ಎಂದು ಸೋಸಿದರೆ ಪಟ್ಟಿ ಸಿದ್ಧ. ಬ್ಯಾಡ್ಜ್ ಚಿತ್ರ ಮಾಡುವಾಗ ಚಾಟಿನಲ್ಲಿ ಅದು ಅಕ್ಷರದಷ್ಟೇ ಗಾತ್ರದಲ್ಲಿ ಕಾಣುತ್ತದೆ ಎಂಬುದನ್ನು ಮರೆತು ಶನಿವಾರವಾಡೆಯ ಬಾಗಿಲನ್ನೆಲ್ಲ ಬಿಡಿಸಿದರೆ ಕಾಣುವುದು ಕಂದು ಚುಕ್ಕೆ ಮಾತ್ರ. ಒಂದೇ ಆಕಾರ, ಮೆಟ್ಟಿಲಿಗೊಂದು ಬಣ್ಣ ಸಾಕು.

ಆರೇಳು ತಿಂಗಳಲ್ಲಿ ಹೋಗುವವರದು ಬೇರೆಯೇ ಸಂಗತಿ. ಕಲಿಸುವ ಚಾನೆಲ್ಲಿನಲ್ಲಿ ಅಷ್ಟು ದಿನ ಇದ್ದು ಹೋಗುವವರು ಹಲವು ಸಲ ಕಲಿತು ಮುಗಿಸಿದವರೇ: ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಎದ್ದು ಮಾತಾಡಿ ಬಂದಿದ್ದಾರೆ, ಇನ್ನು ಪಾಠ ಬೇಕಿಲ್ಲ. ಅವರನ್ನು ಪಾಠದಿಂದ ಹಿಡಿದಿಡಲು ಆಗುವುದಿಲ್ಲ. ಒಂದೋ ಮುಂದಿನ ಮೆಟ್ಟಿಲು ಕೊಡಬೇಕು, ಉದಾಹರಣೆಗೆ ಆಫೀಸಿನ ಮರಾಠಿ, ಪತ್ರಿಕೆ ಓದುವುದು. ಇಲ್ಲವೇ ₹399ರ ಮಾತುಕತೆಯಲ್ಲಿ ಹೊಸಬರಿಗೆ ಜೊತೆ ಕೊಡುವ ಹಿರಿಯರನ್ನಾಗಿ ಕೂರಿಸಬೇಕು. ಎರಡೂ ಆಗದಿದ್ದರೆ ಸಂತೋಷದಿಂದ ಕಳಿಸಿ.

ಮುಂಬೈಯಲ್ಲಿ ತಾಳಮದ್ದಳೆ ಕೂಟಗಳನ್ನು ರೆಕಾರ್ಡ್ ಮಾಡಿ ಹಾಕುವ ಚಾನೆಲ್ ಆಗಿದ್ದರೆ ಈ ಲೆಕ್ಕ ತಿರುಗುಮುರುಗು. ಅಲ್ಲಿ ಹಣ ಕೊಡುವವರು ಕೊಂಡುಕೊಳ್ಳುತ್ತಿಲ್ಲ, ಕಲೆಯನ್ನು ನಡೆಸಿಕೊಂಡು ಹೋಗಲು ಕೈಜೋಡಿಸುತ್ತಿದ್ದಾರೆ. ‘ಮುಗಿಯಿತು’ ಎಂಬ ಗಳಿಗೆಯೇ ಇಲ್ಲ. ಹತ್ತು ಸವಲತ್ತಿಗಿಂತ ಪ್ರಸಂಗದ ಕೊನೆಯಲ್ಲಿ ಹೆಸರು ಓದಿದರೆ ಹೆಚ್ಚು ತೃಪ್ತಿ. ಅಂಥ ಕಡೆ ಎರಡೇ ಹಂತ ಇಡಿ. ಇಡೀ ರಾತ್ರಿಯ ಪೂರ್ಣ ರೆಕಾರ್ಡಿಂಗನ್ನು ಸದಸ್ಯರಿಗೆ ಕೊಡುವುದಾದರೆ ಅರ್ಥಧಾರಿಗಳು, ಭಾಗವತರು, ಹಿಮ್ಮೇಳದವರ ಒಪ್ಪಿಗೆಯನ್ನು, ‘ಹಣ ಕೊಟ್ಟವರಿಗೆ ತೋರಿಸುತ್ತೇವೆ’ ಎಂಬ ಮಾತು ಸೇರಿಸಿಯೇ, ಮೊದಲು ಬರೆಸಿಕೊಳ್ಳಬೇಕು. ಉಚಿತವಾಗಿ ಹಾಕಲು ಒಪ್ಪಿದವರು ಇದಕ್ಕೂ ಒಪ್ಪಿದರು ಎಂದು ಹಿಡಿಯುವಂತಿಲ್ಲ.

ಕೊನೆಗೆ ಉಳಿದಿರುವುದು ರಜೆ. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಬಂತೆಂದು ಊರಿಗೆ ಹೋದರೆ ನಾಲ್ಕು ವಾರ ಚಾನೆಲ್ ಮೌನ, ಆ ನಾಲ್ಕು ವಾರಗಳಲ್ಲಿ ಹೆಚ್ಚುಕಡಿಮೆ ಎಲ್ಲ ಸದಸ್ಯರಿಗೂ ಒಂದೊಂದು ಸಲ ಕಡಿತದ ಸೂಚನೆ ಹೋಗಿಯೇ ಹೋಗುತ್ತದೆ. ಏಪ್ರಿಲ್‌ನಲ್ಲೇ ನಾಲ್ಕು ಸಣ್ಣ ವಿಡಿಯೊ ಮಾಡಿ ದಿನಾಂಕ ಹಾಕಿಡಿ. ಲೈವ್ ಇರುವುದಿಲ್ಲ, ಗುಂಪು ಮಾತುಕತೆ ಜೂನ್ ಮೊದಲ ವಾರದಲ್ಲಿ ಎರಡು ಸಲ ಇರುತ್ತದೆ ಎಂದು ಹೊರಡುವ ಎರಡು ವಾರ ಮೊದಲೇ ತಿಳಿಸಿ. ಅಷ್ಟೂ ಆಗದು ಎಂದು ಗೊತ್ತಿದ್ದರೆ ₹399ರವರಿಗೆ ‘ಮೇ ತಿಂಗಳಿಗೆ ₹59ಕ್ಕೆ ಇಳಿದುಕೊಳ್ಳಿ, ಜೂನ್‌ನಲ್ಲಿ ಮತ್ತೆ ಏರಿ’ ಎಂದು ನೀವೇ ಹೇಳಿ. ಇಳಿಯುವ ಬದಲಾವಣೆ ಮುಂದಿನ ಬಿಲ್ಲಿನಿಂದ ಲೆಕ್ಕಕ್ಕೆ ಬರುವುದರಿಂದ ಇದನ್ನು ಏಪ್ರಿಲ್ ಮೊದಲ ವಾರದಲ್ಲೇ ಹೇಳಬೇಕು.